ಡೇಟ್ ಹತ್ತಿರ ಬಂದ ಮಾಲಿನ ಬಗ್ಗೆ: ಬಿಲ್ ನಂಬರ್ 1187

ಆಳಂದ
22 ಏಪ್ರಿಲ್ 2025

ಅಣ್ಣಾವರಿಗೆ ಶರಣು,

ಶನಿವಾರ, 19ನೇ ತಾರೀಖು ನಿಮ್ಮ ಗಾಡಿಯಲ್ಲಿ ಬಂದ ಮಾಲಿನ ವಿಷಯ ಬರೆಯುತ್ತಿದ್ದೇನೆ. ಬಿಲ್ ಒಟ್ಟು ರೂ. 21,640. ಎಣಿಕೆ ಸರಿ ಇದೆ, ರೇಟೂ ಸರಿ ಇದೆ. ಸೋಪು, ಚಹಾಪುಡಿ, ಶ್ಯಾವಿಗೆ ಎಲ್ಲಾ ಹೊಸ ಮಾಲು. ತಕರಾರು ಇರುವುದು ಎರಡೇ ಐಟಂ ಮೇಲೆ.

ಒಂದು, ಮಕ್ಕಳ ಸೀರಿಯಲ್. 300 ಗ್ರಾಂನ 24 ಡಬ್ಬಿ, ತಲಾ ರೂ. 255, ಒಟ್ಟು ರೂ. 6,120. ಎಕ್ಸ್‌ಪೈರಿ 14 ಮೇ 2025. ಹನ್ನೆರಡು ತಿಂಗಳು ಬಾಳುವ ಮಾಲು ನನ್ನ ಕೈಗೆ ಬಂದಾಗ ಉಳಿದಿದ್ದು 25 ದಿನ.

ಎರಡು, ಚಾಕೊಲೇಟ್ ಕ್ರೀಮ್ ಬಿಸ್ಕತ್ತು. ಮೂರು ಬಾಕ್ಸ್, 144 ಪ್ಯಾಕೆಟ್, ತಲಾ ರೂ. 26, ಒಟ್ಟು ರೂ. 3,744. ಆರು ತಿಂಗಳ ಮಾಲು, 8 ಮೇಗೆ ಮುಗಿಯುತ್ತದೆ.

ಅವತ್ತು ಸಂಜೆ ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು. ಬಾಕ್ಸ್ ಎಣಿಸಿ ಸಹಿ ಹಾಕಿಬಿಟ್ಟೆ, ಡೇಟ್ ನೋಡಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಭಾನುವಾರ ಬೆಳಿಗ್ಗೆ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಡಬ್ಬಿ ತಗೊಂಡು ತಳ ಮೇಲೆ ಮಾಡಿ, ಮಸುಕಾಗಿ ಒತ್ತಿದ ಅಂಕಿಯನ್ನು ಬೆಳಕಿಗೆ ಹಿಡಿದು ಓದಿದಳು. "ಅಕ್ಕಾ, ಇದು ನಮ್ಮನಿಯಾಗ ಒಂದ್ ತಿಂಗಳು ಬರ್ತದ. ತಾರೀಖು ಅಷ್ಟಿಲ್ಲಲ್ಲ," ಅಂದಳು. ಡಬ್ಬಿ ವಾಪಸ್ ಇಟ್ಟು ಹೋದಳು. ನನಗೆ ಮುಖ ಎತ್ತೋದಕ್ಕೆ ಆಗಲಿಲ್ಲ ಅಣ್ಣಾ. ಆಕೆಯ ಮೊದಲ ಮಗುವಿಗೂ ನಮ್ಮ ಅಂಗಡಿಯಿಂದಲೇ ಒಯ್ಯುತ್ತಿದ್ದಳು.

ಈ ಡಬ್ಬಿ ನನ್ನಲ್ಲಿ ತಿಂಗಳಿಗೆ ಐದಾರು ಹೋಗುತ್ತವೆ. 24 ಯಾವ ಲೆಕ್ಕದಲ್ಲಿ ಮುಗಿಯಬೇಕು? ಕಡಿಮೆ ರೇಟಿಗೆ ಬಿಡೋಣ ಅಂದರೆ ಅದಕ್ಕೂ ದಾರಿ ಇಲ್ಲ. ಎರಡು ವರ್ಷದೊಳಗಿನ ಮಕ್ಕಳ ಆಹಾರವನ್ನು ರಿಯಾಯಿತಿಯ ಆಸೆ ತೋರಿಸಿ ಮಾರುವುದನ್ನು 1992ರ ಕಾನೂನೇ ತಡೆಯುತ್ತದೆ. ಹಾಗಾಗಿ ಇದಕ್ಕೆ ನನಗೆ ಡಿಸ್ಕೌಂಟ್ ಬೇಡ. 24 ಡಬ್ಬಿಯನ್ನೂ ಬದಲಿಸಿ ಕೊಡಿ. ಕಡಿಮೆ ಅಂದರೂ ಆರು ತಿಂಗಳು ಡೇಟ್ ಇರುವ ಮಾಲು ಬರಲಿ. ಸ್ಟಾಕ್ ಇಲ್ಲದಿದ್ದರೆ 12 ಕೊಟ್ಟರೂ ಸಾಕು, ಉಳಿದಿದ್ದಕ್ಕೆ ಕ್ರೆಡಿಟ್ ನೋಟ್ ಮಾಡಿ.

ಬಿಸ್ಕತ್ತು ದಿನಕ್ಕೆ ನಾಲ್ಕು ಪ್ಯಾಕೆಟ್ ಹೋಗುತ್ತದೆ. ಈ ಬಿಸಿಲಿಗೆ ಕ್ರೀಮ್ ಕರಗಿ ಕಾಗದಕ್ಕೆ ಅಂಟುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಜನ ಕಡಿಮೆ ಕೇಳುತ್ತಾರೆ. ಅರ್ಧ, ಅಂದರೆ 72 ಪ್ಯಾಕೆಟ್ ನಾನು ಇಟ್ಟುಕೊಂಡು ಹೇಗಾದರೂ ಖರ್ಚು ಮಾಡುತ್ತೇನೆ. ಅದಕ್ಕೆ ಶೇ 25 ಬಿಡಿ, ರೂ. 468 ಆಗುತ್ತದೆ. ಅದನ್ನು ನಾನು ಇಟ್ಟುಕೊಳ್ಳೋದಿಲ್ಲ, ಡೇಟ್ ಹೇಳಿಯೇ ಗಿರಾಕಿಗೆ ಕಡಿಮೆಗೆ ಕೊಡುತ್ತೇನೆ. ಉಳಿದ 72 ವಾಪಸ್ ತಗೊಳ್ಳಿ, ಅದು ರೂ. 1,872.

ಆನ್‌ಲೈನ್‌ನಲ್ಲಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಒಂದು ಮಾತು ಹೇಳಿದೆ: ಗಿರಾಕಿ ಕೈಗೆ ಸೇರುವಾಗ ಶೇ 30ರಷ್ಟು ಬಾಳಿಕೆ ಅಥವಾ 45 ದಿನ ಉಳಿದಿರಬೇಕು. ಅದು ಆನ್‌ಲೈನ್‌ನವರಿಗೆ ಹೇಳಿದ್ದು, ನಿಮಗಲ್ಲ, ಗೊತ್ತು. ಆದರೆ ಮೊಬೈಲ್‌ನಲ್ಲಿ ತರಿಸಿದವರಿಗೆ ಅಷ್ಟು ಸಿಗಬೇಕು ಅಂದಮೇಲೆ ಆಳಂದದ ಅಂಗಡಿಗೆ ಬಂದು ತಗೊಳ್ಳುವ ತಾಯಿಗೂ ಸಿಗಬೇಕು ಅಲ್ವಾ? ಡೇಟ್ ದಾಟಿದ ಮಾಲು ರ‍್ಯಾಕ್ ಮೇಲೆ ಸಿಕ್ಕರೆ ಇನ್ಸ್‌ಪೆಕ್ಟರ್ ಹಿಡಿಯೋದು ನನ್ನನ್ನು.

ರೊಕ್ಕದ ಲೆಕ್ಕ ಹೀಗಿದೆ. 21,640ರಲ್ಲಿ ಸೀರಿಯಲ್‌ನ 6,120, ವಾಪಸ್ ಬಿಸ್ಕತ್ತಿನ 1,872, ಡಿಸ್ಕೌಂಟ್ 468 ತೆಗೆದರೆ 13,180. ಅಷ್ಟನ್ನು ಶುಕ್ರವಾರವೇ ಹಾಕುತ್ತೇನೆ, ಉದ್ರಿ ಇಡೋದಿಲ್ಲ. ಬದಲಿ ಡಬ್ಬಿ ಬಂದ ದಿನವೇ ಅದರ 6,120 ಕೊಡುತ್ತೇನೆ. ಕ್ರೆಡಿಟ್ ನೋಟ್‌ನಲ್ಲಿ ಜಿಎಸ್‌ಟಿ ಬೇರೆ ತೋರಿಸಿ, ಇಲ್ಲದಿದ್ದರೆ ನಮ್ಮ ಲೆಕ್ಕದವರು ತಿರುಗಿ ಕಳಿಸುತ್ತಾರೆ.

ನೆಹರು ಗಂಜ್‌ನ ನಿಮ್ಮ ಗೋಡೌನ್‌ನಲ್ಲಿ ಗಾಡಿ ತುಂಬುವ ಹುಡುಗರಿಗೆ ಇಷ್ಟು ಹೇಳಿ: ತಿನ್ನುವ ಮಾಲಿನ ಬಿಲ್ ಮೇಲೆ ಎಕ್ಸ್‌ಪೈರಿ ತಿಂಗಳು ಬರೆಯಲಿ. ಡೇಟ್ ಹತ್ತಿರ ಇದ್ದರೆ ಮೊದಲೇ ಫೋನ್ ಮಾಡಿ, ಬೇಕೋ ಬೇಡವೋ ಹೇಳುತ್ತೇನೆ. ಇನ್ನು ಮುಂದೆ ನಾನೂ ಡೇಟ್ ನೋಡದೆ ಸಹಿ ಹಾಕೋದಿಲ್ಲ. ನಿಮ್ಮ ಹುಡುಗ ಹತ್ತು ನಿಮಿಷ ಜಾಸ್ತಿ ನಿಲ್ಲಬೇಕಾಗುತ್ತದೆ.

ಬಿಲ್, ಡಬ್ಬಿ ತಳ, ಬಾಕ್ಸ್ ಮೇಲಿನ ಡೇಟ್, ಮೂರರ ಫೋಟೋನೂ ವಾಟ್ಸಾಪ್‌ಗೆ ಕಳಿಸಿದ್ದೇನೆ. 24 ಡಬ್ಬಿ, 72 ಪ್ಯಾಕೆಟ್ ಒಂದೂ ಒಡೆಯದೆ ಒಳಗಿನ ಕೋಣೆಯಲ್ಲಿ ನೆಲ ತಾಕದಂತೆ ಮಣೆ ಮೇಲೆ ಇಟ್ಟಿದ್ದೇನೆ. 26ರ ಶನಿವಾರ ಗಾಡಿ ಬಂದಾಗ ಒಯ್ಯಲಿ. ಕಂಪನಿಯವರಿಗೆ ಕ್ಲೇಮ್ ಹಾಕಬೇಕಿದ್ದರೆ ನಿಮಗೂ ಡೇಟ್ ದಾಟುವ ಮೊದಲೇ ಕೈಗೆ ಸಿಕ್ಕರೆ ಒಳ್ಳೆಯದು.

ಗುರುವಾರದೊಳಗೆ ಒಂದು ಮಾತು ತಿಳಿಸಿ. ಮಧ್ಯಾಹ್ನ ಎರಡರ ಮೇಲೆ ಫೋನ್ ಮಾಡಿದರೆ ಅಂಗಡಿ ಖಾಲಿ ಇರುತ್ತದೆ, ನಿಧಾನ ಮಾತಾಡಬಹುದು.

ನಿಮ್ಮ ತಂಗಿ,
ಆಳಂದ ಬಸ್ ಸ್ಟ್ಯಾಂಡ್ ಹಿಂದಿನ ಕಿರಾಣಿ ಅಂಗಡಿ