ಒಂದೇ ನಂಬರು, ಒಂದೇ ತಾರೀಕು, ಆದ್ರೆ ಸುತ್ತೋಲೆ ಎರಡು: ಎಲ್ಲೆಲ್ಲಿ ಬದಲಾಗಿದೆ ನೋಡಿ

ಎಲ್ಲ ಸದಸ್ಯರಿಗೂ ನಮಸ್ಕಾರ. ನಮ್ ಸೊಸೈಟಿಯ ಕಾಫಿ ಅಡಮಾನ ಸಾಲದ ಸುತ್ತೋಲೆ ಬಗ್ಗೆ ಮೂರು ದಿನದಿಂದ ಗಲಾಟೆ ನಡೀತಾ ಇದೆಯಲ್ಲ, ಇಟ್ಟ ಚೀಲ ಬಿಡಿಸ್ಕೊಳ್ಳೋಕೆ ಒಬ್ರು 180 ದಿನ ಅಂತಾರೆ ಇನ್ನೊಬ್ರು 90 ದಿನ ಅಂತಾರೆ, ಇಬ್ರೂ ಫೋನ್ ತೆಗೆದು ಫೋಟೋ ತೋರಿಸ್ತಾರೆ, ಇಬ್ರ ಫೋಟೋದಲ್ಲೂ ಅವರವರು ಹೇಳಿದ್ದೇ ಇದೆ. ನಿನ್ನೆ ಸುಂಟಿಕೊಪ್ಪದಲ್ಲಿ ಇದೇ ವಿಷಯಕ್ಕೆ ಇಬ್ರು ಹಿರಿಯರು ಮಾತು ಬಿಡೋ ತನಕ ಹೋದ್ರು. ಅದಕ್ಕೆ ರಾತ್ರಿ ಕೂತು ಎರಡೂ ಫೋಟೋನ ಸಾಲು ಸಾಲಾಗಿ ಹೋಲಿಸಿ ನೋಡಿದೆ. ಇಬ್ರು ಹೇಳಿದ್ದೂ ನಿಜ. ಎರಡರ ಮೇಲೂ ಸಂಖ್ಯೆ 14/2025-26, ದಿನಾಂಕ 12-01-2026, ಅದೇ ಸೀಲು, ಅದೇ ಸಹಿ, ಒಳಗಿರೋದು ಮಾತ್ರ ಬೇರೆ.

ಯಾವ ಫೋಟೋ ಯಾವುದು ಅಂತ ಮೊದ್ಲು ಹೇಳ್ತೀನಿ, ಇಲ್ಲಾಂದ್ರೆ ಮತ್ತೆ ಗೊಂದಲ ಆಗುತ್ತೆ.

ಫೋಟೋ ಎ: ನಮ್ ಚಿಕ್ಕಪ್ಪ ಗೊಬ್ಬರ ತರೋಕೆ ಸೊಸೈಟಿಗೆ ಹೋದಾಗ ನೋಟಿಸ್ ಬೋರ್ಡಲ್ಲಿ ಇದ್ದಿದ್ದನ್ನ ತೆಗೆದದ್ದು. ಅವರ ಫೋನಿನ ಗ್ಯಾಲರೀಲಿ ನಾನೇ ನೋಡಿದೀನಿ, ಜನವರಿ 13, ಬೆಳಿಗ್ಗೆ 11.20. ಮೂಲೇಲಿ ಚಿಕ್ಕಪ್ಪನ ಹೆಬ್ಬೆರಳು ಇದೆ, ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ ಬಿದ್ದಿದೆ, ಕೆಳಗಡೆ ಹಾಳೆ ಮಡಚಿಕೊಂಡು ಕೊನೆ ಸಾಲು ಕಾಣ್ತಾ ಇಲ್ಲ.

ಫೋಟೋ ಬಿ: ಜನವರಿ 21ಕ್ಕೆ ನಮ್ ಗ್ರೂಪಿಗೆ ಬಂದದ್ದು, ಫಾರ್ವರ್ಡ್ ಆಗಿ ಬಂದದ್ದು. ಯಾರು ತೆಗೆದಿದ್ದು, ಯಾವತ್ತು ತೆಗೆದಿದ್ದು ಅಂತ ಈ ಫೋಟೋದಿಂದ ಹೇಳೋಕಾಗಲ್ಲ, ಯಾಕಂದ್ರೆ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದರೊಳಗಿನ ತಾರೀಕು ಟೈಮು ಎಲ್ಲ ಅಳಿಸಿ ಹೋಗುತ್ತೆ. ಮೇಜಿನ ಮೇಲೆ ಇಟ್ಟು ತೆಗೆದಂಗಿದೆ, ಕ್ಲೀನಾಗಿ ಕಾಣುತ್ತೆ, ಬಲಗಡೆ ಮೇಲಿನ ಮೂಲೆ ಮಾತ್ರ ಕಟ್ ಆಗಿದೆ.

ಹೋಲಿಸೋಕೆ ಶುರು ಮಾಡಿದಾಗ ಮೊದಲ ಅರ್ಧ ಗಂಟೆ ವೇಸ್ಟ್. ಕಲಂ ನಂಬರ್ ಇಟ್ಕೊಂಡು ನೋಡ್ತಾ ಹೋದೆ, 9ರಿಂದ ಮುಂದೆ ಎಲ್ಲಾನೂ ಬದಲಾಗಿರೋ ಥರ ಕಾಣ್ತು, ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಎ ಫೋಟೋದಲ್ಲಿ 12 ಕಲಂ ಇದೆ, ಬಿ ಫೋಟೋದಲ್ಲಿ 11 ಮಾತ್ರ. ಮಧ್ಯದಲ್ಲಿ ಒಂದು ಕಿತ್ತು ಹಾಕಿ ಕೆಳಗಿನದ್ದಕ್ಕೆಲ್ಲ ಹೊಸ ನಂಬರ್ ಕೊಟ್ಟಿದಾರೆ, ಅದಕ್ಕೆ ಎ ಯ 10 ಇದ್ದಿದ್ದು ಬಿ ಯಲ್ಲಿ 9. ಆಮೇಲೆ ತಂಗೀನ ಕೂರಿಸಿಕೊಂಡೆ, ಅವಳು ಎ ಜೋರಾಗಿ ಓದೋದು, ನಾನು ಬಿ ಮೇಲೆ ಬೆರಳಿಟ್ಟು ಹೋಗೋದು, ತಪ್ಪಿದ ಕಡೆ ನಿಲ್ಲಿಸೋದು. ಎರಡನೇ ಸಲ ಅದಲು ಬದಲು ಮಾಡಿದ್ವಿ, ಅವಳು ಬಿ ಓದಿದಾಗ ನಂಗೆ ಮೊದಲು ತಪ್ಪಿಹೋಗಿದ್ದ ಒಂದು ಪದ ಸಿಕ್ತು (ಕಲಂ 8, ಕೆಳಗೆ ಬರೆದಿದೀನಿ).

ಪಟ್ಟಿ ಇಲ್ಲಿದೆ. ಉದ್ಧರಣೆ ಗುರುತಿನೊಳಗೆ ಇರೋದೆಲ್ಲ ಸುತ್ತೋಲೆಯ ಪದಗಳೇ, ನನ್ನವಲ್ಲ.

| ಎ ಕಲಂ | ಬಿ ಕಲಂ | ಫೋಟೋ ಎ (ಬೋರ್ಡಿನದ್ದು) | ಫೋಟೋ ಬಿ (ಗ್ರೂಪಿಗೆ ಬಂದದ್ದು) | ಏನಾಯ್ತು |
|---|---|---|---|---|
| 1 | 1 | "ಸಂಘದ ಸದಸ್ಯರು ಮಾತ್ರ ಅರ್ಹರು" | ಅದೇ | ಬದಲಾಗಿಲ್ಲ |
| 2 | 2 | "ತೇವಾಂಶ ಶೇ. 11.5 ಮೀರಬಾರದು" | ಅದೇ | ಬದಲಾಗಿಲ್ಲ. ಬಿಳಿ ಪಟ್ಟೆ ಬಿದ್ದು ಎ ಯಲ್ಲಿ 11.6 ಥರ ಕಾಣುತ್ತೆ ಅಷ್ಟೆ |
| 3 | 3 | "ಓ.ಟಿ. ಪರೀಕ್ಷೆಯನ್ನು ಸದಸ್ಯರ ಸಮ್ಮುಖದಲ್ಲಿ ನಡೆಸತಕ್ಕದ್ದು" | "ಓ.ಟಿ. ಪರೀಕ್ಷೆಯನ್ನು ನಡೆಸತಕ್ಕದ್ದು" | "ಸದಸ್ಯರ ಸಮ್ಮುಖದಲ್ಲಿ" ಬಿಟ್ಟಿದಾರೆ |
| 4 | 4 | "ಅಂದಿನ ಮಾರುಕಟ್ಟೆ ದರದ ಶೇ. 70 ರವರೆಗೆ ಸಾಲ" | "ಸಂಘವು ನಿಗದಿಪಡಿಸಿದ ದರದ ಶೇ. 60 ರವರೆಗೆ ಸಾಲ" | ಎರಡು ಬದಲಾವಣೆ: ದರ ಯಾರದ್ದು ಅನ್ನೋದು, ಶೇಕಡಾ ಎಷ್ಟು ಅನ್ನೋದು |
| 5 | 5 | ಬಡ್ಡಿ "ಶೇ. ೯" | "ಶೇ. ೯" | ಬದಲಾಗಿಲ್ಲ, ಕೆಳಗೆ ನೋಡಿ |
| 6 | 6 | ಬಾಡಿಗೆ ಚೀಲಕ್ಕೆ ತಿಂಗಳಿಗೆ "ರೂ. 4" | "ರೂ. 6" | 2 ರೂಪಾಯಿ ಜಾಸ್ತಿ |
| 7 | 7 | "180 ದಿನಗಳೊಳಗೆ ಬಿಡಿಸಿಕೊಳ್ಳತಕ್ಕದ್ದು" | "90 ದಿನಗಳೊಳಗೆ ಬಿಡಿಸಿಕೊಳ್ಳತಕ್ಕದ್ದು" | ಅವಧಿ ಅರ್ಧ |
| 8 | 8 | "ಮಾರಾಟಕ್ಕೆ ಮುನ್ನ 15 ದಿನಗಳ ಲಿಖಿತ ನೋಟಿಸ್ ನೀಡತಕ್ಕದ್ದು" | "ಮಾರಾಟಕ್ಕೆ ಮುನ್ನ 15 ದಿನಗಳ ಲಿಖಿತ ನೋಟಿಸ್ ನೀಡಬಹುದು" | "ತಕ್ಕದ್ದು" ಹೋಗಿ "ಬಹುದು" ಬಂದಿದೆ |
| 9 | ಇಲ್ಲ | "ತೂಕದಲ್ಲಿ ಶೇ. 1 ಕ್ಕಿಂತ ಹೆಚ್ಚಿನ ಕೊರತೆಗೆ ಸಂಘವೇ ಹೊಣೆ" | ಇಲ್ಲವೇ ಇಲ್ಲ | ಪೂರ್ತಿ ತೆಗೆದಿದಾರೆ |
| 10 | 9 | "ವಿಮಾ ಕಂತನ್ನು ಸಂಘವು ಭರಿಸುವುದು" | "ವಿಮಾ ಕಂತನ್ನು ಸದಸ್ಯರ ಖಾತೆಯಿಂದ ಕಡಿತಗೊಳಿಸಲಾಗುವುದು" | ಖರ್ಚು ನಮ್ ತಲೆಗೆ |
| 11 | 10 | "ಗೋಡೌನ್" | "ಗೋದಾಮು" | ಪದ ಮಾತ್ರ ಬೇರೆ, ಅರ್ಥ ಅದೇ |
| 12 | 11 | ಕೊನೆ ಸಾಲು ಮಡಚಿದೆ | "ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ" | ಹೋಲಿಸೋಕೆ ಆಗಲ್ಲ |

ಕಲಂ 5ರ ಬಗ್ಗೆ ಒಂದು ಮಾತು. ಬಡ್ಡೀನೂ ಬದಲಾಗಿದೆ, 6 ಇದ್ದಿದ್ದು 9 ಆಗಿದೆ ಅಂತ ಗ್ರೂಪಲ್ಲಿ ಹಾಕಿದ್ರಲ್ಲ, ಅದು ತಪ್ಪು. ಆ ಒಂದು ಜಾಗದಲ್ಲಿ ಮಾತ್ರ ಕನ್ನಡ ಅಂಕಿ ಟೈಪ್ ಮಾಡಿದಾರೆ, ೬ ಮತ್ತು ೯ ಮಸುಕಾದ ಫೋಟೋದಲ್ಲಿ ಅಣ್ಣ ತಮ್ಮನ ಥರ ಕಾಣುತ್ತೆ, ಬಾಲ ಯಾವ ಕಡೆ ಹೋಗಿದೆ ಅನ್ನೋದಷ್ಟೇ ವ್ಯತ್ಯಾಸ. ಜೂಮ್ ಮಾಡಿ ನೋಡಿದೆ, ಎರಡರಲ್ಲೂ ಬಾಲ ಮೇಲಕ್ಕೇ ಇದೆ. ಬಡ್ಡಿ ವಿಷಯ ದಯವಿಟ್ಟು ಬಿಟ್ಬಿಡಿ, ಅದನ್ನ ಹಿಡ್ಕೊಂಡು ಸೊಸೈಟಿಗೆ ಹೋದ್ರೆ ಅವರು ಅದೊಂದನ್ನೇ ಸುಳ್ಳು ಅಂತ ತೋರಿಸಿ ಉಳಿದದ್ದನ್ನೂ ತಳ್ಳಿ ಹಾಕ್ತಾರೆ.

ಇನ್ನು ಯಾವುದು ನಿಜವಾಗ್ಲೂ ಕಾಡೋದು ಅಂತ. ನಮ್ದೇ ಲೆಕ್ಕ ಹಾಕಿ ನೋಡಿದೆ, ರೊಬಸ್ಟಾ ಚೆರಿ 40 ಚೀಲ ಇಡೋಣ ಅಂತಿದ್ವಿ, 50 ಕೆಜಿ ಚೀಲ. ಬಾಡಿಗೆ 2 ರೂಪಾಯಿ ಜಾಸ್ತಿ ಅಂದ್ರೆ ತಿಂಗಳಿಗೆ 80 ರೂಪಾಯಿ, ಐದು ತಿಂಗಳಿಗೆ 400. ಅದಕ್ಕೆ ಯಾರೂ ಜಗಳ ಆಡಲ್ಲ. ಸಾಲ 70ರಿಂದ 60ಕ್ಕೆ ಇಳಿದ್ರೆ, ಲೆಕ್ಕಕ್ಕೆ ಸುಲಭ ಅಂತ ಚೀಲಕ್ಕೆ 10,000 ಇಟ್ಕೊಳ್ಳಿ, ಒಟ್ಟು ನಾಲ್ಕು ಲಕ್ಷದ ಮಾಲಿಗೆ 2,80,000 ಬದಲು 2,40,000 ಸಿಗುತ್ತೆ. 40 ಸಾವಿರ ಕಮ್ಮಿ, ಅದೂ ದರ ಮಾರ್ಕೆಟ್ಟಿನದ್ದೇ ಇಟ್ರೆ. "ಸಂಘವು ನಿಗದಿಪಡಿಸಿದ ದರ" ಅಂದ್ಮೇಲೆ ಇನ್ನೂ ಎಷ್ಟು ಕಮ್ಮಿ ಅಂತ ಯಾರಿಗೆ ಗೊತ್ತು.

ಕಲಂ 7 ನೋಡಿ. ಫೆಬ್ರವರಿ 10ಕ್ಕೆ ಚೀಲ ಇಟ್ರೆ 180 ದಿನ ಅಂದ್ರೆ ಆಗಸ್ಟ್ 9, ಮಳೆಗಾಲದ ಮಧ್ಯ. 90 ದಿನ ಅಂದ್ರೆ ಮೇ 11. ನಾವು ಅಡಮಾನ ಇಡೋದೇ ಕೊಯ್ಲಿನ ಟೈಮಲ್ಲಿ ಎಲ್ಲರೂ ಒಟ್ಟಿಗೆ ಮಾರುವಾಗ ಕೊಟ್ಟು ಕಳಕೊಳ್ಳೋದು ಬೇಡ ಅಂತ, ಕೂಲಿಗೆ ಸ್ಪ್ರಿಂಕ್ಲರ್ ಡೀಸೆಲ್‌ಗೆ ಈಗ ದುಡ್ಡು ಬೇಕು ಆದ್ರೆ ಮಾಲು ಆಮೇಲೆ ಮಾರೋಣ ಅಂತ. ಮೇ 11ಕ್ಕೇ ಬಿಡಿಸ್ಕೋ ಅಂದ್ರೆ ಆ ದುಡ್ಡು ಎಲ್ಲಿಂದ ತರೋದು ಮಾರಾಯ್ರೆ, ಅದೇ ಟೈಮಿಗೆ ಮಕ್ಕಳ ಸ್ಕೂಲ್ ಫೀಸು, ಮಳೆಗೆ ಮುಂಚೆ ಗೊಬ್ಬರ, ಎಲ್ಲಾ ಬಂದು ಕೂತಿರುತ್ತೆ.

ಕಲಂ 7ನ್ನ 8ರ ಜೊತೆ ಇಟ್ಟು ಓದಿ, ಒಂದೊಂದೇ ಓದಿದ್ರೆ ಇದು ಗೊತ್ತಾಗಲ್ಲ. "ನೀಡತಕ್ಕದ್ದು" ಅಂದ್ರೆ ಕೊಡ್ಲೇಬೇಕು. "ನೀಡಬಹುದು" ಅಂದ್ರೆ ಕೊಟ್ರೂ ಆಯ್ತು ಕೊಡದಿದ್ರೂ ಆಯ್ತು. ಅಂದ್ರೆ 91ನೇ ದಿನ ನಮಗೆ ಒಂದು ಕಾಗದಾನೂ ಬರದೆ ಚೀಲ ಮಾರಿಬಿಟ್ರೆ, ಸುತ್ತೋಲೆ ಪ್ರಕಾರ ಅವರ ತಪ್ಪಿಲ್ಲ. ಮೂರು ಅಕ್ಷರದ ಬದಲಾವಣೆ, ಮೊದಲ ಸಲ ಓದಿದಾಗ ನನ್ ಕಣ್ಣಿಗೂ ಬಿದ್ದಿರಲಿಲ್ಲ ಅಂತ ಹೇಳಿದ್ನಲ್ಲ, ಅದು ಇದೇ.

ಕಲಂ 3 ಚಿಕ್ಕದು ಅಂತ ಕಾಣುತ್ತೆ ಆದ್ರೆ ಹಳಬರಿಗೆ ಗೊತ್ತು. ಓಟಿ ಅಂದ್ರೆ 50 ಕೆಜಿ ಚೆರಿ ಮಿಲ್ ಮಾಡಿದ್ರೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಲೆಕ್ಕ, ದುಡ್ಡು ಅದರ ಮೇಲೆ. ನಮ್ಮ ಕಾಫಿ 26 ಓಟಿ ಬರೋದನ್ನ 25 ಅಂತ ಬರೆದ್ರೆ ಚೀಲಕ್ಕೆ ಒಂದು ಕೆಜಿ, 40 ಚೀಲಕ್ಕೆ 40 ಕೆಜಿ ಬೀಜ ಲೆಕ್ಕದಿಂದ ಮಾಯ. ಯಾರೋ ಮೋಸ ಮಾಡ್ತಾರೆ ಅಂತ ಹೇಳ್ತಾ ಇಲ್ಲ, ಸ್ಯಾಂಪಲ್ ತೆಗೆಯುವಾಗ ಚೀಲದ ಮೇಲಿಂದ ತೆಗೆದ್ರಾ ಮಧ್ಯದಿಂದ ತೆಗೆದ್ರಾ ಅನ್ನೋದರಲ್ಲೇ ವ್ಯತ್ಯಾಸ ಬರುತ್ತೆ, ಅದಕ್ಕೇ ಎದುರಿಗೆ ನಿಂತಿರಬೇಕು ಅನ್ನೋದು. ಕಿತ್ತು ಹಾಕಿದ ಕಲಂ 9ರದ್ದೂ ಇದೇ ಕಥೆ, ಇಟ್ಟಾಗ ತೂಕ ಬಿಡಿಸಿದಾಗ ತೂಕ ಬೇರೆ ಬಂದ್ರೆ ಕೇಳೋಕೆ ಇದ್ದ ಒಂದೇ ಆಧಾರ ಅದು. ತೇವಾಂಶ ಹೆಚ್ಚುಕಮ್ಮಿಗೆ ಒಂದಿಷ್ಟು ತೂಕ ಏರಿಳಿಯೋದು ಸಹಜ, ಅದಕ್ಕೆ ತಾನೇ ಶೇ. 1 ಅಂತ ಬಿಟ್ಟಿದ್ದು.

ಈಗ ಸೊಸೈಟಿಯವರು ಕಳ್ಳತನದಿಂದ ಬದಲಾಯಿಸಿದಾರೆ ಅಂತ ದಯವಿಟ್ಟು ಯಾರೂ ಬರೀಬೇಡಿ. ಮೊದಲು ಹಾಕಿದ್ದು ಕರಡು ಇರಬಹುದು, ತಪ್ಪಾಗಿ ಬೋರ್ಡಿಗೆ ಹಾಕಿ ಆಮೇಲೆ ಸರಿ ಮಾಡಿರಬಹುದು. ಇಲ್ಲ ಬಿ ಅನ್ನೋದೇ ಬೇರೆ ಯಾರೋ ಮಾಡಿದ್ದಿರಬಹುದು, ಸೀಲು ಸಹಿ ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಥರ ಕೂತಿದೆ, ಫೋಟೋ ನೋಡಿ ಇದು ಅಸಲು ಇದು ನಕಲು ಅಂತ ನಾನಂತೂ ಹೇಳಲಾರೆ. ಗುರುವಾರ ಬೆಳಿಗ್ಗೆ ಹೋಗಿ ಕೇಳಿದೆ, ಕೌಂಟರಿನ ಹುಡುಗ "ಬೋರ್ಡಲ್ಲಿ ಇರೋದೇ ಸರಿ ಅಣ್ಣ" ಅಂದ. ಬೋರ್ಡ್ ನೋಡಿದ್ರೆ ಅಲ್ಲಿ ನಾಲ್ಕು ಪಿನ್ನು ಮಾತ್ರ ಇತ್ತು.

ಹಾಗಾಗಿ ಸೋಮವಾರ ಗಣರಾಜ್ಯೋತ್ಸವ ರಜೆ, ಮಂಗಳವಾರ 27ಕ್ಕೆ ಬೆಳಿಗ್ಗೆ 10.30ಕ್ಕೆ ನಾವು ಏಳೆಂಟು ಜನ ಹೋಗೋದು ಅಂತ ಮಾತಾಗಿದೆ. ಕೈಯಲ್ಲಿ ಕೊಡೋ ಅರ್ಜೀಲಿ ಇಷ್ಟೇ ಬರೆದಿದೀನಿ:

"ಸುತ್ತೋಲೆ ಸಂಖ್ಯೆ 14/2025-26, ದಿನಾಂಕ 12-01-2026 ರ ಎರಡು ಪ್ರತಿಗಳು ಸದಸ್ಯರ ಬಳಿ ಇದ್ದು, ಕಲಂ 3, 4, 6, 7, 8, 9 ಮತ್ತು 10 ರಲ್ಲಿ ವ್ಯತ್ಯಾಸವಿರುತ್ತದೆ (ಪಟ್ಟಿ ಲಗತ್ತಿಸಿದೆ). ಯಾವ ಪ್ರತಿ ಜಾರಿಯಲ್ಲಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿಯೂ, ತಿದ್ದುಪಡಿ ಆಗಿದ್ದಲ್ಲಿ ಅದನ್ನು ಹೊಸ ಸಂಖ್ಯೆ ಮತ್ತು ದಿನಾಂಕದೊಂದಿಗೆ ಹೊರಡಿಸಬೇಕಾಗಿಯೂ, ಸಂಬಂಧಿಸಿದ ಆಡಳಿತ ಮಂಡಳಿ ನಿರ್ಣಯದ ಪ್ರತಿಯನ್ನು ಒದಗಿಸಬೇಕಾಗಿಯೂ ಕೋರುತ್ತೇವೆ."

ಕಲಂ ನಂಬರ್ ಎಲ್ಲ ಎ ಪ್ರತಿ ಪ್ರಕಾರ ಹಾಕಿದೀನಿ. ಎರಡು ಕಾಪಿ ತರ್ತೀನಿ, ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮರೀಬಾರದು. ಅಲ್ಲಿ ತನಕ ಯಾರೂ ಚೀಲ ಇಟ್ಟು ಸಹಿ ಹಾಕೋಕೆ ಹೋಗ್ಬೇಡಿ, ಹಾಕ್ಲೇಬೇಕು ಅನ್ನೋ ತುರ್ತು ಇದ್ರೆ ಕರಾರು ಪತ್ರದಲ್ಲಿ ದಿನ ಎಷ್ಟು ಅಂತ ಬರೆದಿದೆ ನೋಡಿ, ಆ ಹಾಳೆಯ ಫೋಟೋ ತಕ್ಕೊಳ್ಳಿ.

ಇನ್ನೊಂದು. 13 ಮತ್ತು 21ರ ಮಧ್ಯೆ ಯಾರಾದ್ರೂ ಬೋರ್ಡಿನ ಫೋಟೋ ತೆಗೆದಿದ್ರೆ ನಂಗೆ ಕಳಿಸಿ, ಫೋಟೋ ಅಂತ ಅಲ್ಲ ಡಾಕ್ಯುಮೆಂಟ್ ಅಂತ ಸೆಲೆಕ್ಟ್ ಮಾಡಿ ಕಳಿಸಿ, ಆಗ ತಾರೀಕು ಉಳಿಯುತ್ತೆ. ಕಲಂ 12ರ ಕೊನೆ ಸಾಲು ಕಾಣೋ ಫೋಟೋ ಇದ್ರಂತೂ ಈವತ್ತೇ ಕಳಿಸಿ, ಚಿಕ್ಕಪ್ಪನ ಫೋಟೋದಲ್ಲಿ ಅಲ್ಲಿ ಬರೀ ಮಡಿಕೆ.