ವಿಷಯ: ನಿಮ್ಮ ವೆಬ್‌ಸೈಟ್ ಬಿಲ್‌ನಲ್ಲಿ ಇನ್ನೂ 12% ಜಿಎಸ್‌ಟಿ ಇದೆ

ಮಂಜುನಾಥ್ ಅವರಿಗೆ ನಮಸ್ಕಾರ,

ನಾನು ರಾಮನಗರದ ಶೈಲಜಾ. ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ನಮ್ಮದು ಮೂರೇ ಜನರ ಆಫೀಸು. ನಿಮಗೆ ನನ್ನ ಪರಿಚಯ ಇಲ್ಲ. ಆದರೆ ನಿಮ್ಮ ಒಂದು ಬಿಲ್ ನನ್ನ ಮೇಜಿನ ಮೇಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರ್ 18ರಂದು ಅಕ್ಕನ ಮಗುವಿಗೆ ನಿಮ್ಮ ವೆಬ್‌ಸೈಟ್‌ನಿಂದ ಒಂದು ಗಿಲಕಿ, ಒಂದು ಬಳೆ ಗೋಪುರ ತರಿಸಿದೆ. ಆಟಿಕೆ ತುಂಬಾ ಚೆನ್ನಾಗಿವೆ, ಆ ಹಳದಿಯನ್ನಂತೂ ಮಗು ಕೈಯಿಂದ ಬಿಡುತ್ತಿಲ್ಲ. ಬಿಲ್ ಮಾತ್ರ ಹೀಗಿದೆ: ಸರಕಿನ ಬೆಲೆ 800, ಸಿಜಿಎಸ್‌ಟಿ 48, ಎಸ್‌ಜಿಎಸ್‌ಟಿ 48, ಒಟ್ಟು 896 ರೂಪಾಯಿ. ಅಂದರೆ 12%.

ಮರದ ಆಟಿಕೆಗೆ 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಆ ಪಟ್ಟಿಯಲ್ಲಿ ಚನ್ನಪಟ್ಟಣದ ಆಟಿಕೆಯ ಹೆಸರೇ ಇದೆ. ನನ್ನ ಬಿಲ್ 840 ಆಗಬೇಕಿತ್ತು. ಉಳಿದ 56 ರೂಪಾಯಿ ನನ್ನ ಹತ್ತಿರ ಉಳಿಯಲಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಗೆ ಸೇರಬೇಕಾದ್ದೂ ಅಲ್ಲ. ಅದನ್ನು ವಾಪಸ್ ಕೇಳಲು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ನನ್ನ ಅಂದಾಜು ಇಷ್ಟು: ಅಂಗಡಿಯ ಬಿಲ್ಲಿಂಗ್‌ನಲ್ಲಿ ದರ ಬದಲಾಗಿದೆ, ವೆಬ್‌ಸೈಟ್‌ನ ಟ್ಯಾಕ್ಸ್ ಸೆಟ್ಟಿಂಗ್ ಹಾಗೇ ಉಳಿದಿದೆ. ಸೆಪ್ಟೆಂಬರ್‌ನಿಂದ ಈಚೆಗೆ ಇಂಥದ್ದನ್ನು ಬೇರೆ ಕಡೆಯೂ ಕಂಡಿದ್ದೇನೆ. ಸರಿಪಡಿಸಲು ಹತ್ತು ನಿಮಿಷ ಸಾಕು. ನಿಮ್ಮ ವೆಬ್‌ಸೈಟ್ ಮಾಡಿದವರಿಗೆ ಈ ಮೇಲ್ ಕಳಿಸಿದರೆ ಅವರೇ ಮಾಡಿಕೊಡುತ್ತಾರೆ. ನನ್ನನ್ನು ಕರೆಯಲೇಬೇಕು ಅಂತೇನೂ ಇಲ್ಲ.

ನಾನು ಬೇಕಾಗಬಹುದಾದ್ದು ಇದರ ಹಿಂದಿನ ಎರಡು ವಿಷಯಕ್ಕೆ. ಒಂದು, ನಿಮಗೆ ಬರಬೇಕಾದ ರಿಫಂಡ್. ಇನ್ನೊಂದು, ಆನ್‌ಲೈನ್ ಮಾರಾಟದಲ್ಲಿ ಹಿಡಿದುಕೊಳ್ಳುವ ಟಿಸಿಎಸ್. ಎರಡರಲ್ಲೂ ನಿಮ್ಮ ದುಡ್ಡು ಸುಮ್ನೆ ಪೋರ್ಟಲ್‌ನಲ್ಲಿ ಕೂತಿರುವ ಸಾಧ್ಯತೆ ಇದೆ. ವಿವರ ಕೆಳಗಿನ ಪುಟದಲ್ಲಿ ಬರೆದಿದ್ದೇನೆ, ಬಿಡುವಾದಾಗ ಓದಿ.

ಕೇಳುವುದು ಒಂದೇ: ಒಂದು ಗಂಟೆ ಸಮಯ ಕೊಡಿ. ಮುಂದಿನ ವಾರ ಮಂಗಳವಾರ ಅಥವಾ ಗುರುವಾರ ಬೆಳಿಗ್ಗೆ ನಾನೇ ಚನ್ನಪಟ್ಟಣಕ್ಕೆ ಬರುತ್ತೇನೆ. ಲಾಗಿನ್, ಪಾಸ್‌ವರ್ಡ್ ನನಗೆ ಕೊಡುವುದು ಬೇಡ. ನೀವೇ ಪೋರ್ಟಲ್ ತೆರೆಯಿರಿ, ಪಕ್ಕದಲ್ಲಿ ಕೂತು ನೋಡೋಣ. ಇದಕ್ಕೆ ಫೀಸ್ ಇಲ್ಲ. ಏನೂ ಸಿಗದಿದ್ದರೆ ಕಾಫಿ ಕುಡಿದು ಬಸ್ ಹತ್ತುತ್ತೇನೆ.

ಮುಂದೆ ಕೆಲಸ ಕೊಡುವ ಮನಸ್ಸಾದರೆ, ತಿಂಗಳಿಗೆ 300 ಬಿಲ್‌ವರೆಗೆ ಲೆಕ್ಕ, `GSTR-1`, `GSTR-3B` ಮತ್ತು ಆನ್‌ಲೈನ್ ಮಾರಾಟದ ತಾಳೆ, ಎಲ್ಲಾ ಸೇರಿ 5,000 ರೂಪಾಯಿ. ರಿಫಂಡ್ ಅರ್ಜಿಗೆ ಬೇರೆಯಾಗಿ 8,000. ಬಂದ ರಿಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ಅಂತ ನಾವು ಕೇಳುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಿಎ ಅಲ್ಲ, ಜಿಎಸ್‌ಟಿ ಪ್ರಾಕ್ಟೀಷನರ್. ಸಿಎಗಳು ಹೀಗೆ ಕೆಲಸ ಕೇಳಿಕೊಂಡು ಮೇಲ್ ಹಾಕುವಂತಿಲ್ಲ, ಅದು ಅವರ ವೃತ್ತಿಯ ನಿಯಮ. ಆಡಿಟ್‌ಗೆ ನಿಮಗೆ ಸಿಎ ಇದ್ದರೆ ಅವರೇ ಮುಂದುವರಿಯಲಿ. ನಮ್ಮದು ತಿಂಗಳ ತಿಂಗಳ ಕೆಲಸ. ಅವರಿಗೆ ಬೇಕಾದ ಲೆಕ್ಕವನ್ನು ನಾವು ಅಚ್ಚುಕಟ್ಟಾಗಿ ಕಳಿಸುತ್ತೇವೆ.

ಯಾವ ದಿನ ಆಗಬಹುದು ಅಂತ ಈ ಮೇಲ್‌ಗೇ ಒಂದು ಸಾಲು ಬರೆಯಿರಿ. ಬೇಡವಾದರೆ "ಬೇಡ" ಅಂದರೂ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ.

ಇಂತಿ,
ಶೈಲಜಾ
ಜಿಎಸ್‌ಟಿ ಪ್ರಾಕ್ಟೀಷನರ್, ರಾಮನಗರ
8 ಡಿಸೆಂಬರ್ 2025

---

ಜೊತೆಗಿನ ಪುಟ: ನಿಮ್ಮ ಬಿಲ್ ನೋಡಿದಾಗ ಹೊಳೆದದ್ದು

12% ಬಿಲ್. ಮೊದಲು ನೋಡಬೇಕಾದ್ದು, ಈ ಬಿಲ್‌ಗಳನ್ನು ರಿಟರ್ನ್‌ನಲ್ಲಿ ಯಾವ ದರಕ್ಕೆ ತೋರಿಸಿದ್ದೀರಿ ಅಂತ. 12% ವಸೂಲಿ ಮಾಡಿ 12% ಕಟ್ಟಿದ್ದರೆ ಸರ್ಕಾರಕ್ಕೆ ಬಾಕಿ ಇಲ್ಲ. ಗಿರಾಕಿಗೆ ಬೆಲೆ ಜಾಸ್ತಿಯಾಯಿತು, ಅಷ್ಟೇ. ವಸೂಲಿ 12%, ರಿಟರ್ನ್‌ನಲ್ಲಿ 5% ಆಗಿದ್ದರೆ ಮಾತ್ರ ತಲೆನೋವು. ತೆರಿಗೆ ಅಂತ ಗಿರಾಕಿಯಿಂದ ಪಡೆದದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕು ಎನ್ನುತ್ತದೆ ಕಾನೂನು (ಸೆಕ್ಷನ್ 76). ಆ ವ್ಯತ್ಯಾಸವನ್ನು ಬಡ್ಡಿ ಸಮೇತ ಕೇಳುತ್ತಾರೆ. ಅವರು ಕೇಳುವ ಮೊದಲು ನಾವೇ ಕಂಡುಕೊಂಡರೆ ಒಳ್ಳೆಯದು, ಅಲ್ವಾ?

ಅಂಗಡಿಗಳಿಗೆ ಸಗಟಾಗಿ ಕೊಟ್ಟ ಬಿಲ್‌ನಲ್ಲೂ ಹೀಗೇ ಆಗಿದ್ದರೆ ಕ್ರೆಡಿಟ್ ನೋಟ್ ಕೊಟ್ಟು ಸರಿಮಾಡಬಹುದು. ಈ ವರ್ಷದ ಬಿಲ್‌ಗಳಿಗೆ ಕೊನೆಯ ದಿನ 2026ರ ನವೆಂಬರ್ 30. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಆ ದಿನಕ್ಕೇ ಗಡುವು ಮುಗಿಯುತ್ತದೆ. ಅಂಗಡಿಯವರು ಆ ತೆರಿಗೆಯ ಇನ್‌ಪುಟ್ ತೆಗೆದುಕೊಂಡಿದ್ದರೆ ಅವರೂ ಅಷ್ಟನ್ನು ವಾಪಸ್ ಮಾಡಬೇಕು. ಅದಕ್ಕೆ ಅವರಿಗೆ ಒಂದು ಫೋನ್ ಮಾಡಿಯೇ ಕ್ರೆಡಿಟ್ ನೋಟ್ ಹೊರಡಿಸಿ. ಬ್ಯಾಟರಿ ಹಾಕುವ ಆಟಿಕೆ ಏನಾದರೂ ಮಾರುತ್ತಿದ್ದರೆ ಅದನ್ನು 5%ಗೆ ಇಳಿಸಬೇಡಿ, ಎಲೆಕ್ಟ್ರಾನಿಕ್ ಆಟಿಕೆಯ ದರ ಬೇರೆ.

ರಿಫಂಡ್. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲಿ. ನೀವು ಮಾರುವುದಕ್ಕೆ 5%. ಕೊಳ್ಳುವ ವಾರ್ನಿಷ್, ಬಿಲ್ ಸಮೇತ ತರಿಸುವ ಮರ, ಇವಕ್ಕೆ 18%. ಹೀಗಿದ್ದಾಗ ಇನ್‌ಪುಟ್ ಕ್ರೆಡಿಟ್ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ, ಖರ್ಚಾಗುವುದಿಲ್ಲ. ಅದನ್ನು `RFD-01` ಅರ್ಜಿ ಹಾಕಿ ನಗದಾಗಿ ವಾಪಸ್ ಕೇಳಲು ಅವಕಾಶ ಇದೆ. ಆಯಾ ತಿಂಗಳ ರಿಟರ್ನ್‌ನ ಕೊನೆಯ ದಿನದಿಂದ ಎರಡು ವರ್ಷದೊಳಗೆ ಕೇಳಬೇಕು.

ಎಷ್ಟು ಬರುತ್ತದೆ ಅಂತ ಈಗಲೇ ಹೇಳಿದರೆ ಸುಳ್ಳು ಹೇಳಿದ ಹಾಗೆ. ಹಾಲೆ ಮರವನ್ನು ನೇರವಾಗಿ ರೈತರಿಂದ ಕೊಂಡರೆ ಅದರಲ್ಲಿ ತೆರಿಗೆಯೇ ಇರುವುದಿಲ್ಲ, ಹಾಗಾಗಿ ಕ್ರೆಡಿಟ್ ಕೂಡ ಇಲ್ಲ. ಕೊರಿಯರ್, ಬಾಡಿಗೆ, ಜಾಹೀರಾತಿನ ಮೇಲಿನ ಜಿಎಸ್‌ಟಿ ಈ ರಿಫಂಡ್‌ಗೆ ಸೇರುವುದಿಲ್ಲ. ಹೊಸ ಲೇತ್ ಯಂತ್ರ ತೆಗೆದುಕೊಂಡಿದ್ದರೆ ಅದರದ್ದೂ ಇಲ್ಲ. ನಿಮ್ಮ ಖರೀದಿ ಯಾವ ಥರದ್ದು ಎಂಬುದರ ಮೇಲೆ ಎಲ್ಲಾ ನಿಂತಿದೆ. ಕ್ರೆಡಿಟ್ ಲೆಡ್ಜರ್ ಒಮ್ಮೆ ನೋಡಿದರೆ ಅರ್ಜಿ ಹಾಕುವುದು ಲಾಭವೋ ಅಲ್ಲವೋ ಗೊತ್ತಾಗುತ್ತದೆ. ಮೊತ್ತ ಚಿಕ್ಕದಿದ್ದರೆ ನನ್ನ 8,000 ಕೊಡುವುದು ದಂಡ, ಅದನ್ನೂ ಅಲ್ಲೇ ಹೇಳುತ್ತೇನೆ.

ಟಿಸಿಎಸ್. ನಿಮ್ಮ ಆಟಿಕೆ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಲ್ಲೂ ಕಂಡೆ. ಅವರು ನಿಮಗೆ ದುಡ್ಡು ಕೊಡುವಾಗ 0.5% ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ (2024ರ ಜುಲೈ 10ರ ಮೊದಲು ಇದು 1% ಇತ್ತು). ತಿಂಗಳಿಗೆ ಎರಡು ಲಕ್ಷದ ವ್ಯಾಪಾರ ಇದ್ದರೆ 1,000 ರೂಪಾಯಿ, ವರ್ಷಕ್ಕೆ 12,000. ಇದು ನಿಮ್ಮದೇ ದುಡ್ಡು. ಆದರೆ ತಾನಾಗಿ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುವುದಿಲ್ಲ. ಪೋರ್ಟಲ್‌ನಲ್ಲಿ `TDS and TCS Credit Received` ಎಂಬ ಜಾಗಕ್ಕೆ ಹೋಗಿ, ಒಪ್ಪಿಕೊಂಡು, ಫೈಲ್ ಮಾಡಬೇಕು. ಬಹಳ ಮಂದಿ ಮರೆಯುವುದು ಇದನ್ನೇ. ನಾನು ಬರುವ ಮೊದಲೇ ನೀವು ತೆರೆದು ನೋಡಬಹುದು: ಅಲ್ಲಿ ಹಳೆಯ ತಿಂಗಳುಗಳು ಸಾಲಾಗಿ ಬಾಕಿ ಕಂಡರೆ, ಯಾವ ತಿಂಗಳಿಂದ ಅಂತ ಬರೆದಿಟ್ಟುಕೊಳ್ಳಿ.