ಅಂಗಾಲಿನ ಅಳತೆ

ತಿಪಟೂರಿನ ರಂಗಪ್ಪನವರು ಸರ್ವೆ ಇಲಾಖೆಯಲ್ಲಿ 33 ಅಡಿಯ ಸರಪಳಿ ಹಿಡಿದು ಊರೂರಿನ ಹೊಲ ಅಳೆದು ನಿವೃತ್ತರಾದವರು. ಬದು ಒಂದು ಮೊಳ ಸರಿದಿದ್ದರೂ ಕಣ್ಣಳತೆಯಲ್ಲೇ ಹೇಳಬಲ್ಲ ಅವರಿಗೆ, ಬಲ ಅಂಗಾಲಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಆಗಿದ್ದ ಹುಣ್ಣು ಎಷ್ಟು ದೊಡ್ಡದೆಂಬುದು ಮಾತ್ರ ಗೊತ್ತಿರಲಿಲ್ಲ. ಬಗ್ಗಿ ಅಂಗಾಲು ನೋಡಿಕೊಳ್ಳಲು ಸೊಂಟ ಬಿಡುತ್ತಿರಲಿಲ್ಲ, ನೋಡಲೇಬೇಕೆನ್ನಿಸುವಷ್ಟು ನೋವೂ ಇರಲಿಲ್ಲ. ಸ್ನಾನವಾದ ಮೇಲೆ ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಕೈಗೆ ಸಿಕ್ಕಷ್ಟು ಜಾಗಕ್ಕೆ ಬಳಿದು, ಹಳೆಯ ಪಂಚೆಯ ಚೂರು ಸುತ್ತಿಕೊಂಡು, ಎಂದಿನಂತೆ ಬರಿಗಾಲಲ್ಲೇ ತೆಂಗಿನ ತೋಟಕ್ಕೆ ಹೊರಟುಬಿಡುತ್ತಿದ್ದರು. ಸೊಸೆ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ, "ನೋವೇ ಇಲ್ಲದ ಗಾಯಕ್ಕೆ ಡಾಕ್ಟರು ಯಾಕಮ್ಮ? ಸಕ್ಕರೆ ಕಾಯಿಲೆಯವರಿಗೆ ಮಾಯುವುದು ಸ್ವಲ್ಪ ತಡ, ಅಷ್ಟೆ" ಎನ್ನುತ್ತಿದ್ದರು. ಆ ಮಾತಿನ ಅರ್ಧ ನಿಜವಾಗಿದ್ದುದರಿಂದಲೇ ಅದನ್ನು ಎದುರಿಸುವುದು ಮನೆಯವರಿಗೆ ಕಷ್ಟವಾಗಿತ್ತು.

ತುಮಕೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ಸುಮಾ ವಾದಕ್ಕಿಳಿಯಲಿಲ್ಲ. ರಜೆಗೆ ಬಂದಿದ್ದಾಗ, ಅಜ್ಜ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಬಟ್ಟೆ ಬದಲಿಸಿಕೊಳ್ಳಲು ಕುಳಿತ ಹೊತ್ತಿನಲ್ಲಿ, ಹುಣ್ಣಿನ ಪಕ್ಕಕ್ಕೆ ಸ್ಕೇಲು ಹಿಡಿದು ಒಂದು ಫೋಟೊ ತೆಗೆದುಕೊಂಡಳು. ಅಜ್ಜ ಅದನ್ನು ಹುಡುಗಾಟವೆಂದುಕೊಂಡು ಸುಮ್ಮನಿದ್ದರು. ಮೂರು ವಾರದ ಮೇಲೆ ಬಂದಾಗ ಮತ್ತೊಂದು ತೆಗೆದು, ಎರಡನ್ನೂ ಫೋನಿನಲ್ಲಿ ಅಕ್ಕಪಕ್ಕ ಇಟ್ಟು ಅವರ ಕೈಗೆ ಕೊಟ್ಟಳು.

ರಂಗಪ್ಪನವರು ಕನ್ನಡಕ ಏರಿಸಿ ನೋಡಿದರು. "ಎರಡನೆಯದನ್ನು ಹತ್ತಿರದಿಂದ ತೆಗೆದಿದ್ದೀಯ, ಅದಕ್ಕೇ ದೊಡ್ಡದಾಗಿ ಕಾಣುತ್ತಿದೆ."

"ಸ್ಕೇಲೂ ಇದೆಯಲ್ಲ ಅಜ್ಜ, ನೀವೇ ಓದಿ."

ಓದಿದರು. ಮೊದಲನೆಯದು 14 ಮಿಲಿಮೀಟರ್, ಎರಡನೆಯದು 22. ಅಂಚು ಬೆಳ್ಳಗೆ ದಪ್ಪಗಟ್ಟಿತ್ತು, ನಡುವೆ ಕಪ್ಪು ಚುಕ್ಕೆಯೊಂದು ಹೊಸದಾಗಿ ಕಾಣಿಸಿಕೊಂಡಿತ್ತು. ಫೋನನ್ನು ಬಹಳ ಹೊತ್ತು ಹಿಡಿದೇ ಇದ್ದು, ಕೊನೆಗೆ, "ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರಂತೆ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ವೈದ್ಯೆ ಅವರಿಗೆ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯಿಂದ ಪಾದವನ್ನು ಅಲ್ಲಲ್ಲಿ ಒತ್ತುತ್ತ, ಮುಟ್ಟಿದಾಗ ಹೇಳಿ ಎಂದರು. ಎಳೆ ಹಲವು ಕಡೆ ತಾಗಿದರೂ ರಂಗಪ್ಪನವರು ಪರೀಕ್ಷೆ ಆರಂಭವಾಗುವುದನ್ನೇ ಕಾಯುತ್ತ ಕುಳಿತಿದ್ದರು. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಜೋಮು ಹಿಡಿದಿದೆ, ನೋವು ತಿಳಿಯದ ಕಾರಣ ಗಾಯದ ಮೇಲೆಯೇ ದಿನವೂ ಭಾರ ಬೀಳುತ್ತಿದೆ, ಅದಕ್ಕೇ ಮಾಯುತ್ತಿಲ್ಲ ಎಂದು ವಿವರಿಸಿದ ಆಕೆ, ಸೋಂಕು ಮೂಳೆಗೆ ಇಳಿದಿದೆಯೇ ಎಂದು ತಿಳಿಯಲು ಎಕ್ಸ್‌ರೇ ಬರೆದರು. ಅರಿಶಿನ ನಿಲ್ಲಬೇಕು, ಡ್ರೆಸ್ಸಿಂಗ್ ಆಗಬೇಕು, ಸಕ್ಕರೆ ಹತೋಟಿಗೆ ಬರಬೇಕು, ಆ ಪಾದದ ಮೇಲೆ ಭಾರ ಹಾಕಲೇಬಾರದು.

"ತೋಟಕ್ಕೆ?"

"ಮಾಯುವ ತನಕ ಇಲ್ಲ."

ಅವರು ಮುಖ ಗಂಟಿಕ್ಕಿದರೂ ಎದುರಾಡಲಿಲ್ಲ. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಕುಳಿತಾಗ ಮೊಮ್ಮಗಳತ್ತ ತಿರುಗಿ, "ಮುಂದಿನ ಸಲವೂ ಅದೇ ಸ್ಕೇಲು ಇರಲಿ. ಫೋಟೊದ ಮೇಲೆ ತಾರೀಖು ಬರೆಯುವುದನ್ನು ಬಿಟ್ಟಿದ್ದೀಯ, ಅದಿಲ್ಲದ ನಕ್ಷೆಯನ್ನು ನಮ್ಮ ಕಚೇರಿಯಲ್ಲಿ ವಾಪಸು ಕಳಿಸುತ್ತಿದ್ದೆವು" ಎಂದರು.